ಪದಚರ್ಚೆ: duplicate target ಎಂಬುದಕ್ಕೆ ‘ನಕಲು’ ಸರಿಯೇ? (ಇವತ್ತು ರಾತ್ರಿಯೊಳಗೆ ಬೇಕು)

ಪದಾಸಕ್ತೆ:

ಎಲ್ಲರಿಗೂ ನಮಸ್ಕಾರ. ಹಳೆಯ ಪತ್ರಿಕೆಗಳ ಪುಟಗಳನ್ನು ಸ್ಕ್ಯಾನ್ ಮಾಡುವ ನಮ್ಮ ಗುಂಪಿಗೆ ಗೆಳೆಯರೊಬ್ಬರು ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದಾರೆ. ಸ್ಪ್ರೆಡ್‌ಶೀಟಿನ ಒಂದು ಕಾಲಮ್ಮಿನಲ್ಲಿ ಕಡತದ ಹಳೆಯ ಹೆಸರು, ಪಕ್ಕದಲ್ಲಿ ಹೊಸ ಹೆಸರು. ಪ್ರೋಗ್ರಾಂ ಮೊದಲು ಪಟ್ಟಿಯನ್ನೆಲ್ಲ ಪರೀಕ್ಷಿಸುತ್ತದೆ, ತಪ್ಪಿದ್ದರೆ ಹೇಳಿ ನಿಲ್ಲುತ್ತದೆ. ಒಂದು ತಪ್ಪೂ ಇಲ್ಲದಿದ್ದರೆ ಮಾತ್ರ ಹೆಸರು ಬದಲಿಸುತ್ತದೆ. ಅದು ತೋರಿಸುವ ಮೂರು ಸಂದೇಶಗಳನ್ನು ಕನ್ನಡಕ್ಕೆ ತರಬೇಕು:

```
missing source: %s
duplicate target: %s
target exists: %s
```

ನಾನು ಹಾಕಿಕೊಂಡದ್ದು: ‘ಮೂಲ ಕಡತ ಕಾಣೆಯಾಗಿದೆ’, ‘ನಕಲು ಗುರಿ’, ‘ಗುರಿ ಅಸ್ತಿತ್ವದಲ್ಲಿದೆ’. ಮೂರೂ ಮನಸ್ಸಿಗೆ ಒಗ್ಗುತ್ತಿಲ್ಲ. ನಾಳೆ ಬೆಳಿಗ್ಗೆ 412 ಸಾಲುಗಳ ಪಟ್ಟಿ ಓಡಿಸುವವರಿದ್ದಾರೆ.

ಅಚ್ಚನುಡಿ:

‘ನಕಲು’ ಅರಬ್ಬಿಯಿಂದ ಬಂದದ್ದು, ಬಿಡಿ. ನಮ್ಮಲ್ಲೇ ‘ಇಮ್ಮಡಿ’ ಇದೆ: ಇರ್ + ಮಡಿ. ‘ಇಮ್ಮಡಿ ಹೆಸರು’ ಎಂದು ಬರೆಯಿರಿ. ‘ಅಸ್ತಿತ್ವದಲ್ಲಿದೆ’ ಬೇಡವೇ ಬೇಡ, ‘ಇದೆ’ ಅನ್ನುವುದಕ್ಕೆ ಇಷ್ಟುದ್ದ ಸಂಸ್ಕೃತ ಯಾಕೆ?

ಸಾಲುಸಾಲು:

‘ಇದೆ’ ಸಾಕು ಎಂಬುದಕ್ಕೆ ನನ್ನ ಒಪ್ಪಿಗೆಯಿದೆ. ‘ಇಮ್ಮಡಿ’ಗೆ ಇಲ್ಲ. ಇಮ್ಮಡಿ ಅಂದರೆ ಎರಡರಷ್ಟು. ಇಲ್ಲಿ ಯಾವುದೂ ಎರಡರಷ್ಟಾಗಿಲ್ಲ. ಮೂರು ಸಾಲುಗಳಲ್ಲಿ ಒಂದೇ ಹೆಸರಿದ್ದರೆ ಏನೆನ್ನುತ್ತೀರಿ?

ಮೇಡಂ, ‘ನಕಲು’ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದು ಓದುವವರಿಂದ ಏನು ಮಾಡಿಸುತ್ತದೆ ನೋಡಿ. ಸಾಲು 18ರಲ್ಲಿ `scan_0017.tif`, ಸಾಲು 207ರಲ್ಲಿ `scan_0206.tif` ಇವೆ ಅಂದುಕೊಳ್ಳಿ. ಬೆರಳು ತಪ್ಪಿ ಎರಡಕ್ಕೂ `sanchike03_p001.tif` ಎಂದೇ ಹೊಸ ಹೆಸರು ಕೊಟ್ಟಿದ್ದೀರಿ. ಎರಡೂ ಬೇರೆಬೇರೆ ಪುಟಗಳು. ‘ನಕಲು’ ಎಂದು ಕಂಡರೆ ಓದಿದವರು ‘ಓಹೋ, ಒಂದು ಪ್ರತಿ ಹೆಚ್ಚಾಗಿದೆ’ ಎಂದುಕೊಂಡು ಒಂದನ್ನು ಅಳಿಸುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು: ಒಂದು ಕಡೆ ಹೀಗೇ ಮುಖಪುಟವೊಂದು ಹೋಯಿತು, ಮತ್ತೆ ಸ್ಕ್ಯಾನ್ ಮಾಡಲು ಮೂಲ ಸಂಚಿಕೆ ಕೈಯಲ್ಲಿರಲಿಲ್ಲ.

ಪರೀಕ್ಷೆ ಇರುವುದೇ ಅದನ್ನು ತಪ್ಪಿಸಲು. ಲಿನಕ್ಸ್, ಮ್ಯಾಕ್‌ಗಳಲ್ಲಿ ಪೈಥಾನಿನ `os.rename` ಹೆಸರು ಬದಲಿಸುವಾಗ ಅದೇ ಹೆಸರಿನ ಕಡತ ಅಲ್ಲಿದ್ದರೆ ಸದ್ದಿಲ್ಲದೆ ಅದರ ಜಾಗಕ್ಕೆ ಬಂದು ಕೂರುತ್ತದೆ. 412 ಕಡತಗಳು 411 ಆಗುತ್ತವೆ, ಒಂದು ದೋಷವೂ ತೋರುವುದಿಲ್ಲ. ವಿಂಡೋಸ್‌ನಲ್ಲಿ ಅದೇ ಆಜ್ಞೆ ನಿರಾಕರಿಸಿ ನಿಲ್ಲುತ್ತದೆ. ಆದರೆ ಆಗಲೇ 205 ಕಡತಗಳ ಹೆಸರು ಬದಲಾಗಿ, ಮುಂದಿನವು ಹಳೆಯ ಹೆಸರಲ್ಲೇ ಉಳಿದು, ಪಟ್ಟಿಗೂ ಫೋಲ್ಡರಿಗೂ ತಾಳೆಯಾಗದಂತಾಗುತ್ತದೆ.

ಹಾಗಾಗಿ ನನ್ನ ಸಲಹೆ: ‘ಒಂದೇ ಹೊಸ ಹೆಸರು ಹಲವು ಸಾಲುಗಳಲ್ಲಿದೆ’. ಜೊತೆಗೆ ಸಾಲುಗಳ ಸಂಖ್ಯೆ ತೋರಿಸಲು ಗೆಳೆಯರಿಗೆ ಹೇಳಿ. ಯಾವ ಸಾಲು ತಿದ್ದಬೇಕೆಂದು ಗೊತ್ತಾಗದಿದ್ದರೆ ಸಂದೇಶ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ.

ಅಚ್ಚನುಡಿ:

ಮೂರಾದರೆ ‘ಮುಮ್ಮಡಿ’. ನುಡಿಯಲ್ಲಿ ಎಲ್ಲವೂ ಇದೆ, ಹುಡುಕುವ ಮನಸ್ಸು ಬೇಕು. ನೀವು ಕೊಟ್ಟದ್ದು ಪದವಲ್ಲ, ವಾಕ್ಯ.

ಸಾಲುಸಾಲು:

ಸಂದೇಶ ವಾಕ್ಯವೇ ಆಗಿರಬೇಕು.

ನಡುದಾರಿ:

ಇಷ್ಟೆಲ್ಲ ಯಾಕೆ? ಎರಡನೆಯದಕ್ಕೂ ಮೂರನೆಯದಕ್ಕೂ ಸೇರಿಸಿ ‘ಹೆಸರಿನ ಘರ್ಷಣೆ’ ಎಂದರೆ ಆಯಿತು. ಎರಡು ಸಾಲುಗಳಲ್ಲಿ ಒಂದೇ ಹೆಸರು ಇರುವುದು, ಆ ಹೆಸರಿನ ಕಡತ ಫೋಲ್ಡರಿನಲ್ಲಿ ಆಗಲೇ ಇರುವುದು, ಎರಡೂ ಒಂದೇ ತೊಂದರೆ.

ಸಾಲುಸಾಲು:

ತೊಂದರೆಯ ಪರಿಣಾಮ ಒಂದೇ, ಅದು ನಿಜ. ಪರಿಹಾರ ಒಂದೇ ಅಲ್ಲ. ಮೊದಲನೆಯದನ್ನು ಪಟ್ಟಿಯಲ್ಲಿ ತಿದ್ದಬೇಕು, ಎರಡನೆಯದಕ್ಕೆ ಫೋಲ್ಡರ್ ತೆರೆದು ನೋಡಬೇಕು. ಒಂದೇ ಪದ ಕೊಟ್ಟರೆ ಜನ ಪಟ್ಟಿಯನ್ನೇ ಮೂರು ಸಲ ಓದಿ ಸುಸ್ತಾಗುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. ಪುಟವೊಂದು ನಡುವೆ ಬಿಟ್ಟುಹೋಗಿ ಎಲ್ಲ ಸಂಖ್ಯೆಯನ್ನೂ ಒಂದೊಂದು ಮುಂದೆ ತಳ್ಳಬೇಕಾಗಿದೆ ಎನ್ನಿ: `p005.tif` ಈಗ `p006.tif`, `p006.tif` ಈಗ `p007.tif`. `p006.tif` ಫೋಲ್ಡರಿನಲ್ಲಿ ಆಗಲೇ ಇದೆ, ಆದರೆ ಅದೂ ಜಾಗ ಖಾಲಿ ಮಾಡಲಿದೆ. ಅದನ್ನು ತಪ್ಪೆಂದು ತೋರಿಸಬಾರದು. ಹೊಸ ಹೆಸರು ಫೋಲ್ಡರಿನಲ್ಲಿದ್ದು, ಹಳೆಯ ಹೆಸರುಗಳ ಕಾಲಮ್ಮಿನಲ್ಲಿ ಇಲ್ಲದಿದ್ದರೆ ಮಾತ್ರ ತಪ್ಪು. ಇಂಥ ಸರಪಳಿಯಿದ್ದಾಗ ಎಲ್ಲಕ್ಕೂ ಮೊದಲು ತಾತ್ಕಾಲಿಕ ಹೆಸರು ಕೊಟ್ಟು, ಆಮೇಲೆ ಹೊಸ ಹೆಸರು ಕೊಡಬೇಕು. ಹಾಗಾಗಿ ಮೂರನೆಯ ಸಂದೇಶಕ್ಕೆ: ‘ಪಟ್ಟಿಯಲ್ಲಿಲ್ಲದ ಬೇರೊಂದು ಕಡತಕ್ಕೆ ಈ ಹೆಸರು ಆಗಲೇ ಇದೆ’.

ನಡುದಾರಿ:

ಸರಪಳಿಯ ವಿಷಯ ನನಗೆ ಹೊಳೆದಿರಲಿಲ್ಲ. ‘ಘರ್ಷಣೆ’ ಹಿಂತೆಗೆದುಕೊಳ್ಳುತ್ತೇನೆ.

ಒತ್ತಕ್ಷರ:

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದೂ ಇದೇ ಪ್ರೋಗ್ರಾಂ ಎಂದು ಕಾಣುತ್ತದೆ. ಕಡತದ ಹೆಸರುಗಳು ಕನ್ನಡದಲ್ಲೇ ಇವೆ. ‘ಕೊನೆಯ ಪುಟ’ ಎಂಬ ಕಡತ ಕಣ್ಣೆದುರಿಗೇ ಇದೆ, ಆದರೂ missing ಎನ್ನುತ್ತಿದೆ. ಹೆಸರನ್ನು ಮೂರು ಸಲ ಹೊಸದಾಗಿ ಟೈಪ್ ಮಾಡಿ ನೋಡಿದೆ. ಏನು ಮಾಡಲಿ?

ಸಾಲುಸಾಲು:

ಇದು ಪದದ ಪ್ರಶ್ನೆಯಲ್ಲ, ಆದರೂ ಮೊದಲ ಸಂದೇಶಕ್ಕೆ ನೇರವಾಗಿ ತಾಗುತ್ತದೆ. ‘ಕೊ’ದ ಒತ್ವವನ್ನು ಯುನಿಕೋಡಿನಲ್ಲಿ ಎರಡು ರೀತಿ ಬರೆಯಬಹುದು: U+0CCA ಎಂಬ ಒಂದೇ ಸಂಕೇತವಾಗಿ, ಇಲ್ಲವೇ U+0CC6, U+0CC2 ಎಂಬ ಎರಡರ ಜೋಡಿಯಾಗಿ. ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಕಡತದ ಹೆಸರು ಒಂದು ರೀತಿ, ಪಟ್ಟಿಯದು ಇನ್ನೊಂದು ರೀತಿ ಇದ್ದರೆ ಹೋಲಿಕೆ ಸೋಲುತ್ತದೆ. ನೀವು ಟೈಪ್ ಮಾಡುವುದು ಪ್ರತಿ ಸಲವೂ ಒಂದೇ ರೀತಿ, ಅದಕ್ಕೇ ಮೂರು ಸಲ ಮಾಡಿದರೂ ಅದೇ ಫಲ. ಸೆಲ್ಲಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದ್ದರೂ ಹೀಗೇ ಆಗುತ್ತದೆ. ಹೋಲಿಸುವಾಗ ಎರಡೂ ಕಡೆಯ ಹೆಸರುಗಳನ್ನು ಹೀಗೆ ಹದಮಾಡಿಕೊಳ್ಳಿ:

```
key = unicodedata.normalize("NFC", name.strip()).casefold()
```

ಇದು ಹೋಲಿಕೆಗೆ ಮಾತ್ರ. ಹೆಸರು ಬದಲಿಸುವಾಗ ಫೋಲ್ಡರಿನಿಂದ ಓದಿದ ಅಸಲಿ ಹೆಸರನ್ನೇ ಕೊಡಬೇಕು. ಕೊನೆಯ `casefold` ಇರುವುದು `P001.tif`, `p001.tif` ಎರಡನ್ನೂ ಒಂದೇ ಎಂದು ಹಿಡಿಯಲು. ವಿಂಡೋಸ್ ಅವೆರಡನ್ನೂ ಒಂದೇ ಹೆಸರೆಂದು ಎಣಿಸುತ್ತದೆ.

ಆದ್ದರಿಂದ, ಮೇಡಂ, ‘ಕಾಣೆಯಾಗಿದೆ’ ಬೇಡ. ಕಾಣೆಯಾಗುವುದು ಎಂದರೆ ಇದ್ದದ್ದು ಕಳೆದುಹೋಗುವುದು. ಇವರ ಕಡತ ಎಲ್ಲಿಗೂ ಹೋಗಿಲ್ಲ. ‘ಈ ಹೆಸರಿನ ಕಡತ ಸಿಗಲಿಲ್ಲ’ ಎಂದರೆ ಪ್ರೋಗ್ರಾಂ ತನಗೆ ಗೊತ್ತಿರುವಷ್ಟನ್ನೇ ಹೇಳಿದಂತಾಗುತ್ತದೆ.

ಅಚ್ಚನುಡಿ:

‘ಸಿಗಲಿಲ್ಲ’ ಚೆನ್ನಾಗಿದೆ. ಆದರೆ ಮೇಲೆಲ್ಲ ‘ಅಸಲಿ’, ‘ಖಾಲಿ’, ‘ಬದಲಿಸು’. ಕನ್ನಡಕ್ಕೆ ಬರಗಾಲವೇ?

ಹಳೆಯ ಓದುಗ:

ಅಚ್ಚನುಡಿಯವರೇ, ‘ಬದಲು’ ಅರಬ್ಬಿ ಮೂಲದ್ದೇ, ‘ಖಾಲಿ’ಯೂ ಹೌದು. ಇವನ್ನು ಬಿಟ್ಟು ದಿನದ ಮಾತು ಆಡಲು ಬರುವುದಿಲ್ಲ. ‘ನಕಲು’ ಬೇಡ ಎನ್ನಲು ಅರ್ಥದ ಕಾರಣ ಸಾಕಿತ್ತು, ಹುಟ್ಟಿನ ಕಾರಣ ಬೇಕಿರಲಿಲ್ಲ. ಇನ್ನು ‘ಗುರಿ’: ಬಾಣಕ್ಕೆ ಗುರಿ, ಬದುಕಿಗೆ ಗುರಿ. ಕಡತದ ಹೆಸರಿಗೆ ‘ಹೊಸ ಹೆಸರು’ ಇರುವಾಗ ಅದೇಕೆ?

ಅಚ್ಚನುಡಿ:

ಬಂದುಹೋದವನ್ನು ಓಡಿಸಿ ಎಂದೆನೇ? ಹೊಸದಾಗಿ ಕರೆತರಬೇಡಿ ಎಂದೆ. ‘ಬದಲಿಸು’ ಬದಲು ‘ಮಾರ್ಪಡಿಸು’ ಇದೆ.

ಹಳೆಯ ಓದುಗ:

‘ಹೆಸರು ಮಾರ್ಪಡಿಸು’ ಅಂದರೆ ಇದ್ದ ಹೆಸರನ್ನೇ ಅಷ್ಟಿಷ್ಟು ತಿದ್ದಿದಂತೆ. ಒಪ್ಪಲಾರೆ.

ಪದಾಸಕ್ತೆ:

ಎಲ್ಲರಿಗೂ ವಂದನೆ. ಸದ್ಯಕ್ಕೆ ಇವನ್ನು ಹಾಕಿ ಕಳಿಸುತ್ತಿದ್ದೇನೆ:

```
ಈ ಹೆಸರಿನ ಕಡತ ಸಿಗಲಿಲ್ಲ: %s (ಸಾಲು %d)
ಒಂದೇ ಹೊಸ ಹೆಸರು ಹಲವು ಸಾಲುಗಳಲ್ಲಿದೆ: %s (ಸಾಲುಗಳು %s)
ಪಟ್ಟಿಯಲ್ಲಿಲ್ಲದ ಬೇರೊಂದು ಕಡತಕ್ಕೆ ಈ ಹೆಸರು ಆಗಲೇ ಇದೆ: %s (ಸಾಲು %d)
```

ಸಂಜೆ ಪರೀಕ್ಷೆಯನ್ನಷ್ಟೇ ಓಡಿಸಿ ನೋಡಿದೆವು. ಮೂರು ಕಡತಗಳು ಸಿಗಲಿಲ್ಲ, ಎರಡರಲ್ಲಿ ಸೆಲ್ಲಿನ ಕೊನೆಗೆ ಸ್ಪೇಸ್ ಇತ್ತು. ಮೂರನೆಯದು ಯಾಕೆಂದು ಇನ್ನೂ ಗೊತ್ತಾಗಿಲ್ಲ. ಹೊಸ ಹೆಸರಿನ ಸೆಲ್ ಏನೂ ಬರೆಯದೆ ಬಿಟ್ಟಿದ್ದರೆ ನಾಲ್ಕನೆಯ ಸಂದೇಶ ಬೇಕು ಎಂದು ಗೆಳೆಯರು ಈಗ ಹೇಳುತ್ತಿದ್ದಾರೆ. ‘ಹೊಸ ಹೆಸರು ಖಾಲಿ ಇದೆ’ ಎಂದು ಬರೆಯಲೇ, ‘ಹೊಸ ಹೆಸರು ಕೊಟ್ಟಿಲ್ಲ’ ಎನ್ನಲೇ?

ಅಚ್ಚನುಡಿ:

‘ಕೊಟ್ಟಿಲ್ಲ’.