ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ಬಂದರೂ ಕ್ಲೌಡ್ ಗೇಮ್ ತಡವರಿಸಿ ಮಸುಕಾಗುತ್ತಿದೆ

ನಿಶಾಚರ:
ಸ್ಪೀಡ್ ಟೆಸ್ಟ್ ಮಾಡಿದಾಗಲೆಲ್ಲ 100 ಎಂಬಿಪಿಎಸ್ ಬರುತ್ತದೆ, 4ಕೆ ಸಿನಿಮಾ ಒಂದೆಡೆಯೂ ನಿಲ್ಲುವುದಿಲ್ಲ. ಆದರೆ ಗೇಮ್‌ನಲ್ಲಿ ಓಡುತ್ತಿರುವ ಕಾರು ಇದ್ದಕ್ಕಿದ್ದಂತೆ ನಿಂತು ಮುಂದಕ್ಕೆ ಜಿಗಿಯುತ್ತದೆ, ಅದರ ಬೆನ್ನಿಗೇ ಪರದೆ ಕೆಲವು ಸೆಕೆಂಡು ಮಸುಕಾಗಿ ರಸ್ತೆಬದಿಯ ಫಲಕವನ್ನೂ ಓದಲಾಗುವುದಿಲ್ಲ. ದೋಷ ಸರ್ವರ್‌ನದೇ ಇರಬೇಕು. ಇದನ್ನು ಸಹಿಸಿ ಸಾಕಾಗಿದೆ.

ಜಾಯ್‌ಸ್ಟಿಕ್:
ಪ್ಲಾನ್ ಸಾಲದು. ನಾನು 300ಕ್ಕೆ ಏರಿಸಿದ ಮೇಲೆ ಎಲ್ಲವೂ ಸರಿಹೋಯಿತು.

ತಂತಿಪ್ರಿಯ:
1080ಪಿ, 60 ಫ್ರೇಮ್‌ಗೆ ಜಿಫೋರ್ಸ್ ನೌ ಕೇಳುವುದೇ 25 ಎಂಬಿಪಿಎಸ್. ಹಾಗಾಗಿ ವೇಗದ ಕೊರತೆ ಇಲ್ಲ. ಸಿನಿಮಾ ಮುಂದಿನ ಹಲವು ಸೆಕೆಂಡುಗಳ ದೃಶ್ಯವನ್ನು ಮೊದಲೇ ತರಿಸಿಟ್ಟುಕೊಳ್ಳುತ್ತದೆ, ಆದರೆ ನೀವು ಇನ್ನೂ ಒತ್ತದ ಗುಂಡಿಯ ದೃಶ್ಯವನ್ನು ಗೇಮ್ ತರಿಸಿಡಲಾರದು. ಸುಮಾರು 17 ಮಿಲಿಸೆಕೆಂಡಿಗೊಂದು ಫ್ರೇಮ್ ಬರಬೇಕಾದಲ್ಲಿ ದತ್ತಾಂಶ 100 ಮಿಲಿಸೆಕೆಂಡು ತಡವಾದರೆ ಐದಾರು ಫ್ರೇಮ್‌ಗಳು ಒಟ್ಟಿಗೇ ತಪ್ಪುತ್ತವೆ. ಸರಾಸರಿ ತೋರಿಸುವ ಸ್ಪೀಡ್ ಟೆಸ್ಟ್‌ನಲ್ಲಿ ಅದು ಕಾಣುವುದೇ ಇಲ್ಲ. ಆಗ ಸೇವೆಯು ದಾರಿಯಲ್ಲಿ ದಟ್ಟಣೆಯಿದೆಯೆಂದು ಭಾವಿಸಿ ಬಿಟ್‌ರೇಟ್ ಇಳಿಸುವುದರಿಂದ ತಡವರಿಕೆಯ ಹಿಂದೆಯೇ ಮಸುಕು ಬರುತ್ತದೆ. ನೀವು ವೈಫೈನಲ್ಲಿದ್ದೀರಾ? ಆಡುತ್ತಿರುವಾಗಲೇ ನಿಮ್ಮ ರೌಟರ್‌ಗೆ ಪಿಂಗ್ ಮಾಡಿ ನೋಡಿ.

```
ping -t 192.168.1.1
```

ಹಳೆಯಾಟಗಾರ:
ನನಗೂ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಧ್ವನಿ ತಡವಾಗಿ ಬರುತ್ತಿತ್ತು, ತಂತಿಯ ಹೆಡ್‌ಫೋನ್ ಹಾಕಿದ ಮೇಲೆ ಸರಿಯಾಯಿತು.

ತಂತಿಪ್ರಿಯ:
ಅದು ಬೇರೆ ಸಮಸ್ಯೆ. ಆದರೂ ಬ್ಲೂಟೂತ್ ಕೂಡ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ, ಪರೀಕ್ಷೆಯ ಹೊತ್ತಿಗೆ ಅದನ್ನು ಆರಿಸಿಡುವುದು ಒಳ್ಳೆಯದು.

ನಿಶಾಚರ:
ಹೌದು, ಲ್ಯಾಪ್‌ಟಾಪ್ ವೈಫೈನಲ್ಲೇ ಇದೆ, 2.4 ಗಿಗಾಹರ್ಟ್ಸ್, ರೌಟರ್ ಪಕ್ಕದ ಕೋಣೆಯಲ್ಲಿದೆ. ಕಾರು ಜಿಗಿದಾಗ ಬಂದದ್ದು ಇದು:

```
Reply from 192.168.1.1: bytes=32 time=3ms TTL=64
Reply from 192.168.1.1: bytes=32 time=127ms TTL=64
Reply from 192.168.1.1: bytes=32 time=4ms TTL=64
```

ತಂತಿಪ್ರಿಯ:
ಕೆಲವು ರೌಟರ್‌ಗಳು ಪಿಂಗ್‌ಗೆ ಉತ್ತರಿಸುವುದನ್ನೇ ಹಿಂದಕ್ಕೆ ಹಾಕುತ್ತವೆ, ಆದ್ದರಿಂದ ಒಂದು ಏರಿಕೆಯನ್ನಷ್ಟೇ ನಂಬಬಾರದು. ಆದರೆ ಅದು ಪ್ರತಿ ಸಲವೂ ಜಿಗಿತದೊಂದಿಗೇ ಬರುತ್ತಿದ್ದರೆ ವಿಳಂಬ ಹುಟ್ಟುತ್ತಿರುವುದು ಮನೆಯೊಳಗೇ, ಸರ್ವರ್‌ನಲ್ಲಲ್ಲ. 5 ಗಿಗಾಹರ್ಟ್ಸ್‌ಗೆ ಬದಲಿಸಿ. ಗೋಡೆ ದಾಟುವಾಗ ಅದು ಹೆಚ್ಚು ಕ್ಷೀಣಿಸುವುದರಿಂದ ಮೊದಲು ರೌಟರ್ ಇರುವ ಕೋಣೆಯಲ್ಲೇ ಆಡಿ ನೋಡಿ.

ಜಾಯ್‌ಸ್ಟಿಕ್:
ಹಾಗಾದರೆ ನನಗೆ ಪ್ಲಾನ್ ಏರಿಸಿದ್ದರಿಂದಲೇ ಸರಿಹೋದದ್ದು ಹೇಗೆ?

ತಂತಿಪ್ರಿಯ:
ಆಗ ರೌಟರ್ ಕೂಡ ಬದಲಾಯಿತೇ?

ಜಾಯ್‌ಸ್ಟಿಕ್:
ಬದಲಾಯಿತು. ಆದರೂ ವೇಗ ಹೆಚ್ಚಿದ್ದೂ ಕಾರಣವೆಂದೇ ನನ್ನ ಅಭಿಪ್ರಾಯ.

ನಿಶಾಚರ:
5 ಗಿಗಾಹರ್ಟ್ಸ್‌ನಲ್ಲಿ ಪಕ್ಕದ ಕೋಣೆಯಿಂದಲೂ ಪಿಂಗ್ 5 ಮಿಲಿಸೆಕೆಂಡು ದಾಟುತ್ತಿಲ್ಲ, ಮಸುಕು ಹೋಗಿದೆ. ಆದರೆ ಸಂಜೆ ಕೆಲವೊಮ್ಮೆ, ರೌಟರ್ ಪಿಂಗ್ ಸರಿಯಿದ್ದಾಗಲೂ ಆಟ ತಡವರಿಸುತ್ತದೆ.

ತಂತಿಪ್ರಿಯ:
ಅಂದರೆ ಈಗಿನ ತೊಂದರೆ ರೌಟರ್‌ನಿಂದ ಆಚೆಗಿದೆ. ಆ ಹೊತ್ತಿನಲ್ಲಿ ಮನೆಯ ಯಾವುದಾದರೂ ಫೋನ್ ಚಿತ್ರಗಳನ್ನು ಬ್ಯಾಕಪ್ ಮಾಡುತ್ತಿದೆಯೇ ನೋಡಿ. ಅಪ್‌ಲೋಡ್ ತುಂಬಿಕೊಂಡರೆ ನಿಮ್ಮ ಗುಂಡಿಯೊತ್ತು ಕೂಡ ಆ ಸಾಲಿನ ಹಿಂದೆ ಕಾಯಬೇಕಾಗುತ್ತದೆ.

ನಿಶಾಚರ:
ಬ್ಯಾಕಪ್ ನಿಲ್ಲಿಸಿದ ಮೇಲೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಸಂಜೆ ರೌಟರ್‌ಗೂ ಹೊರಗಿನ ಒಂದು ವಿಳಾಸಕ್ಕೂ ಒಟ್ಟಿಗೇ ಪಿಂಗ್ ಓಡಿಸಿ ಎರಡನ್ನೂ ಇಲ್ಲಿ ಹಾಕುತ್ತೇನೆ.