5,160 ಯೂನಿಟ್ ಬಿಲ್: ಪತ್ರಕ್ಕೆ ಯಾರು ಸಹಿ ಹಾಕುತ್ತೀರಿ?

14ನೇ ಮನೆ (ರಾತ್ರಿ 1:40): ನಿದ್ದೆ ಬರುತ್ತಿಲ್ಲ. ಒಂದು ತಿಂಗಳಿಗೆ 5,160 ಯೂನಿಟ್ ಅಂತೆ! ಇರುವುದು ಇಬ್ಬರು. ಯಾವತ್ತೂ 170 ದಾಟಿಲ್ಲ. ಫೋನ್ ಮಾಡಿದರೆ ‘ಮೊದಲು ಕಟ್ಟಿ, ಆಮೇಲೆ ಮಾತಾಡಿ’ ಅಂದರು. ಎಲ್ಲರೂ ಸೇರಿ ಪತ್ರ ಕೊಡೋಣ.

3ನೇ ಮನೆ: ಹೊಸ ಮೀಟರ್ ಬೇಡ ಅಂತ ಆಗಲೇ ಬಡಕೊಂಡೆ. ಯಾರು ಕೇಳಿದಿರಿ? ಆ ಮೀಟರ್‌ಗಳೇ ಜೋರು ಓಡುತ್ತವೆ. ಪರೀಕ್ಷೆ ಮಾಡಿಸಿ ಅಂತ ಬರೆಯಿರಿ.

9ನೇ ಮನೆ: *ಫಾರ್ವರ್ಡ್:* ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರೆ ಬಿಲ್ ಡಬಲ್!! ಎಲ್ಲರಿಗೂ ಕಳಿಸಿ 🙏

22ನೇ ಮನೆ: ಚಾರ್ಜರ್‌ನಿಂದ 5,000 ಯೂನಿಟ್ ಆಗುವುದಿಲ್ಲ ಸಾರ್. 14ನೇ ಮನೆಯವರೇ, ಮೀಟರ್‌ನಲ್ಲಿ ಅಂಕಿಗಳು ಒಂದೊಂದಾಗಿ ಬದಲಾಗುತ್ತವೆ. `kWh` ಅಂತ ಇರುವಾಗ ಫೋಟೊ ತೆಗೆಯಿರಿ.

14ನೇ ಮನೆ: ತೆಗೆದೆ. ಈಗ 13,651 ಇದೆ. ಬಿಲ್‌ನಲ್ಲಿ ಹಿಂದಿನ ರೀಡಿಂಗ್ 13,482, ಈಗಿನದು 18,642.

22ನೇ ಮನೆ: ಸಿಕ್ಕಿತು ನೋಡಿ. 13,642 ಅನ್ನು 18,642 ಅಂತ ಓದಿದ್ದಾರೆ. ಆ ಪರದೆಯಲ್ಲಿ 3ರ ಎಡಗಡೆ ಎರಡು ಗೆರೆ ಸೇರಿದರೆ 8. ಹೊಳಪು ಬಿದ್ದರೆ ಗೊತ್ತೇ ಆಗಲ್ಲ. ನಿಜವಾದ ಬಳಕೆ 160. ಮೀಟರ್ ಹಿಂದಕ್ಕೆ ಓಡಲ್ಲ, ಹಾಗಾಗಿ ಇವತ್ತಿನ ಫೋಟೊನೇ ಸಾಕ್ಷಿ.

3ನೇ ಮನೆ: ಫೋಟೊ ಯಾರು ನಂಬುತ್ತಾರೆ? ಪರೀಕ್ಷೆನೇ ಆಗಬೇಕು.

22ನೇ ಮನೆ: ಮೀಟರ್ ಸರಿ ಇದೆ ಅಂತಲೇ ವರದಿ ಬರುತ್ತದೆ. ಆಮೇಲೆ ಬಿಲ್ಲೂ ಸರಿ ಅನ್ನುತ್ತಾರೆ. ತಪ್ಪಿರುವುದು ಓದಿದ್ದರಲ್ಲಿ. ಮಂಜೂರಾದ ಲೋಡ್ ಎಷ್ಟು?

14ನೇ ಮನೆ: 3 ಕಿಲೋವ್ಯಾಟ್.

22ನೇ ಮನೆ: ಅಷ್ಟನ್ನೂ ಹಗಲೂ ರಾತ್ರಿ ಎಳೆದರೂ 3 × 24 × 30, ಅಂದರೆ 2,160 ಯೂನಿಟ್ ಅಷ್ಟೇ.

6ನೇ ಮನೆ: ಮಂಜೂರಾದದ್ದಕ್ಕಿಂತ ಜಾಸ್ತಿ ಎಳೆಯಬಹುದಲ್ವಾ?

22ನೇ ಮನೆ: ಒಳ್ಳೇ ಪ್ರಶ್ನೆ, ಅವರೂ ಅದನ್ನೇ ಕೇಳುತ್ತಾರೆ. ಅದಕ್ಕೇ ಬಿಲ್‌ನಲ್ಲಿ `MD` ನೋಡಬೇಕು. ಆ ತಿಂಗಳ ಅತಿ ಹೆಚ್ಚಿನ ಬೇಡಿಕೆ ಅದು.

14ನೇ ಮನೆ: 1.7 ಇದೆ.

22ನೇ ಮನೆ: ಹಾಗಾದರೆ ತಿಂಗಳಿಗೆ 1,224 ದಾಟುವುದು ಸಾಧ್ಯವೇ ಇಲ್ಲ. ಅವರ ಬಿಲ್ಲೇ ನಿಮ್ಮ ಪರ ಹೇಳುತ್ತಿದೆ. ಹೀಗೆ ಬರೆಯಿರಿ:

*‘ಬಿಲ್‌ನಲ್ಲಿ ಈಗಿನ ರೀಡಿಂಗ್ 18,642 ಎಂದಿದೆ. ಆಮೇಲೆ ನೋಡಿದಾಗಲೂ ಮೀಟರ್‌ನಲ್ಲಿ 13,651 ಮಾತ್ರ ಇದೆ. `MD` 1.7 ಇರುವಾಗ 5,160 ಯೂನಿಟ್ ಬಳಕೆ ಆಗಲಾರದು. ದಯವಿಟ್ಟು ಸ್ಥಳಕ್ಕೆ ಬಂದು ಮತ್ತೆ ರೀಡಿಂಗ್ ತೆಗೆದು ಬಿಲ್ ತಿದ್ದಿಕೊಡಿ. ಅಲ್ಲಿಯವರೆಗೆ ಹಿಂದಿನ ತಿಂಗಳುಗಳ ಸರಾಸರಿ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಕಟ್ಟಲು ಅವಕಾಶ ಕೊಡಿ.’*

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ.

17ನೇ ಮನೆ: ನನಗೂ ಜಾಸ್ತಿ ಬಂದಿದೆ. ನಾವು ಮೂರು ತಿಂಗಳು ಊರಲ್ಲಿರಲಿಲ್ಲ. ಇದೇ ಪತ್ರ ಕೊಡಲಾ?

22ನೇ ಮನೆ: ಬೇಡ ಮೇಡಂ. ಬಾಗಿಲು ಹಾಕಿದ್ದಾಗ ಅಂದಾಜು ಬಿಲ್ ಹಾಕಿರಬಹುದು. ಮೊದಲು ಮೀಟರ್ ಅಂಕಿ ಹಾಕಿ, ನೋಡೋಣ.

3ನೇ ಮನೆ: ರೀಡಿಂಗ್‌ಗೆ ಬರುವವರನ್ನೇ ಬದಲಾಯಿಸಿ ಅಂತಲೂ ಸೇರಿಸಿ. ಇಲ್ಲದಿದ್ದರೆ ನಾನು ಸಹಿ ಹಾಕಲ್ಲ.

6ನೇ ಮನೆ: ಅವರ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ? ಗೇಟಿನ ಹತ್ತಿರ ನಿಮ್ಮ ನಾಯಿ ಇದ್ದರೆ ಯಾರು ತಾನೇ ಹತ್ತಿರ ಹೋಗಿ ಓದುತ್ತಾರೆ?

3ನೇ ಮನೆ: ನಾಯಿ ವಿಷಯ ಇಲ್ಲಿ ಬೇಡ!

9ನೇ ಮನೆ: ಕಚೇರಿಗೆ ಹೋಗುವವರು ಮೂಲೆ ಕಂಬದ ದೀಪದ್ದೂ ಹೇಳಿ. ಪೂರ್ತಿ ಕತ್ತಲು.

17ನೇ ಮನೆ: ಹೌದು, ಮೊದಲು ಅದಾಗಲಿ. ನಾನು ಸಹಿ ಹಾಕುತ್ತೇನೆ.

6ನೇ ಮನೆ: ನಾನೂ. ದೀಪದ ಅರ್ಜಿ ಇವತ್ತೇ ಬರೆಯುತ್ತೇನೆ.

14ನೇ ಮನೆ: ಬಿಲ್ ಪತ್ರಕ್ಕೆ ಯಾರು ಬರುತ್ತೀರಿ? ಕಟ್ಟಲು ಶುಕ್ರವಾರ ಕೊನೇ ದಿನ.

22ನೇ ಮನೆ: ನಾನು ಬರುತ್ತೇನೆ. ಫೋಟೊ ಪ್ರಿಂಟ್ ತೆಗೆಸಿಡಿ.