ಇಂಗ್ಲಿಷ್–ಕನ್ನಡ ಯಂತ್ರಾನುವಾದ: ಅಂಕ ನೋಡಿ ಎಂಜಿನ್ ಆರಿಸಬಹುದೇ?

ಪ್ರಶ್ನೆ (ಕರಪತ್ರ_ತಂಡ): ಔಷಧಿ ಬಳಕೆಯ ಬಗ್ಗೆ ಕರಪತ್ರಗಳನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುತ್ತಿದ್ದೇವೆ. ಎರಡು ಎಂಜಿನ್‌ಗಳನ್ನು 400 ವಾಕ್ಯಗಳ ಮೇಲೆ ಓಡಿಸಿದೆವು. ಬ್ಲೂ ಅಂಕ ಒಂದಕ್ಕೆ 17, ಇನ್ನೊಂದಕ್ಕೆ 14 ಬಂತು. ಎರಡೂ ಇಷ್ಟು ಕಡಿಮೆ ಯಾಕೆ? 17 ಬಂದದ್ದನ್ನೇ ಆರಿಸಿಕೊಂಡರೆ ಸಾಕೇ, ಮನುಷ್ಯರಿಂದಲೂ ಓದಿಸಬೇಕೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಪದಗಣಕ: ಕಡಿಮೆ ಬಂದದ್ದಕ್ಕೆ ಗಾಬರಿ ಬೇಡ. ಬ್ಲೂ ಇಡೀ ಪದಗಳನ್ನು, ಆಮೇಲೆ ಎರಡು, ಮೂರು, ನಾಲ್ಕು ಪದಗಳ ಸರಣಿಗಳನ್ನು ಮಾದರಿ ಅನುವಾದದೊಂದಿಗೆ ಹೋಲಿಸುತ್ತದೆ. ನಮ್ಮಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ಮಾದರಿಯಲ್ಲಿ ‘ಮಾತ್ರೆಗಳನ್ನು’ ಇದ್ದು ಎಂಜಿನ್ ‘ಮಾತ್ರೆಯನ್ನು’ ಎಂದರೆ ಆ ಪದಕ್ಕೆ ಸೊನ್ನೆ, ಅದರ ಅಕ್ಕಪಕ್ಕದ ಸರಣಿಗಳೂ ಹೋದವು. ಆದ್ದರಿಂದ ಕನ್ನಡದ 17ನ್ನು ಫ್ರೆಂಚ್‌ನ 40ರ ಪಕ್ಕ ಇಟ್ಟು ನೋಡಬಾರದು.

ಕನ್ನಡಕ್ಕೆ `chrF` ಎಂಬ ಅಂಕ ಮೇಲು. ಅದು ಒಂದರಿಂದ ಆರು ಅಕ್ಷರಗಳವರೆಗಿನ ತುಣುಕುಗಳನ್ನು ಹೋಲಿಸುವುದರಿಂದ ಪ್ರತ್ಯಯ ಬೇರೆಯಾದರೂ ಧಾತುವಿಗೆ ಅಂಕ ಸಿಗುತ್ತದೆ. ಎರಡನ್ನೂ ಒಟ್ಟಿಗೆ ತೆಗೆಯಿರಿ:

```
sacrebleu ref.kn -i engA.kn engB.kn -m bleu chrf --paired-bs
```

ಕೊನೆಯ ಆಯ್ಕೆ ನಿಮ್ಮ 400 ವಾಕ್ಯಗಳಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿದ ಹಾಗೆ ವಾಕ್ಯ ಆರಿಸಿ, ಈ ಅಂತರ ಆಕಸ್ಮಿಕವೋ ಅಲ್ಲವೋ ಎಂದು ಅಂದಾಜಿಸುತ್ತದೆ. ಫಲಿತಾಂಶದ ಜೊತೆ ಬರುವ `tok:13a|smooth:exp` ಎಂಬಂಥ ಸಾಲನ್ನೂ ಬರೆದಿಟ್ಟುಕೊಳ್ಳಿ. ಆ ಸಾಲು ಬೇರೆಯಾದರೆ ಎರಡು ಅಂಕಗಳನ್ನು ಹೋಲಿಸುವ ಹಾಗಿಲ್ಲ.

ಅಳೆಯುವ ಮೊದಲು ಮೂರೂ ಕಡತಗಳನ್ನು ಒಂದೇ ರೂಪಕ್ಕೆ ತನ್ನಿ. ‘ಕೊ’ದಲ್ಲಿರುವ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಪದದ ಕೊನೆಯಲ್ಲಿ ಉಳಿದ ಕಾಣದ ಜೋಡಕಗಳೂ ಹಾಗೆಯೇ.

```
import unicodedata
def clean(s):
    s = unicodedata.normalize("NFC", s)
    return s.replace("\u200c", "").replace("\u200d", "")
```

ಇದನ್ನು ಅಳೆಯುವ ಪ್ರತಿಗೆ ಮಾತ್ರ ಮಾಡಿ. ಅಚ್ಚಿಗೆ ಹೋಗುವ ಪ್ರತಿಯಲ್ಲಿ ಜೋಡಕ ತೆಗೆದರೆ ‘ವಾರ್ಡ್‌ನಲ್ಲಿ’ ಎಂಬುದು ಒತ್ತಕ್ಷರವಾಗಿ ಕೂಡಿಬಿಡುತ್ತದೆ.

ಒಂದು ಪ್ರಶ್ನೆ: ಮಾದರಿ ಅನುವಾದ ಯಾರು, ಹೇಗೆ ಮಾಡಿದರು?

ಮೈಸೂರು_ಡೇಟಾ: ಅಕ್ಷರ ಎಣಿಸುವ ಕಾಲ ಮುಗಿಯಿತು ಸರ್. ಮನುಷ್ಯರು ಕೊಟ್ಟ ಅಂಕಗಳಿಂದ ಕಲಿತ ಕಾಮೆಟ್ ಹಾಕಿ. ಅದು ಮೂಲ ವಾಕ್ಯವನ್ನೂ ನೋಡುತ್ತದೆ, ಪದ ಬೇರೆಯಾದರೂ ಅರ್ಥ ಒಂದೇ ಆದರೆ ಅಂಕ ಕೊಡುತ್ತದೆ. ಆಮೇಲೆ ಓದಿಸುವ ಖರ್ಚೇ ಇಲ್ಲ.

ತಿದ್ದುಪಡಿ_ಮೇಜು: ಮೊದಲರ್ಧ ಸರಿ, ಕೊನೆಯ ಮಾತು ಅಪಾಯದ್ದು. ಔಷಧಿಯ ವಾಕ್ಯವನ್ನೇ ತೆಗೆದುಕೊಳ್ಳೋಣ. ಇಪ್ಪತ್ನಾಲ್ಕು ಗಂಟೆಯೊಳಗೆ ಎರಡು ಮಾತ್ರೆ ಮೀರಬಾರದು ಎನ್ನುವುದು ಮೂಲದ ಸೂಚನೆ.

ಮಾದರಿ: 24 ಗಂಟೆಯಲ್ಲಿ ಎರಡಕ್ಕಿಂತ ಹೆಚ್ಚು ಮಾತ್ರೆ ತೆಗೆದುಕೊಳ್ಳಬೇಡಿ.
ಅ: 24 ಗಂಟೆಯಲ್ಲಿ ಎರಡಕ್ಕಿಂತ ಹೆಚ್ಚು ಮಾತ್ರೆ ತೆಗೆದುಕೊಳ್ಳಬೇಕು.
ಆ: ದಿನಕ್ಕೆ ಎರಡೇ ಮಾತ್ರೆ, ಅದಕ್ಕಿಂತ ಜಾಸ್ತಿ ಬೇಡ.

ಪೂರ್ಣವಿರಾಮವೂ ಸೇರಿ ಮಾದರಿಯಲ್ಲಿ ಏಳು ಪದ. ‘ಅ’ದಲ್ಲಿ ಏಳರಲ್ಲಿ ಆರು ಪದ, ಆರು ಜೋಡಿಗಳಲ್ಲಿ ನಾಲ್ಕು, ಐದು ತ್ರಿಪದಗಳಲ್ಲಿ ಮೂರು, ನಾಲ್ಕು ಚತುಷ್ಪದಗಳಲ್ಲಿ ಎರಡು ಹೊಂದುತ್ತವೆ. ನಾಲ್ಕು ಅನುಪಾತಗಳನ್ನೂ ಗುಣಿಸಿ ನಾಲ್ಕನೇ ಮೂಲ ತೆಗೆದರೆ ಬ್ಲೂ ನೂರಕ್ಕೆ 64. `chrF` ಅಂತೂ 93 ದಾಟುತ್ತದೆ, ಏಕೆಂದರೆ ಬದಲಾದದ್ದು ಕೊನೆಯ ‘ಡಿ’ ಒಂದೇ. ‘ಆ’ದಲ್ಲಿ ‘ಮಾತ್ರೆ’ ಮತ್ತು ಪೂರ್ಣವಿರಾಮ ಬಿಟ್ಟರೆ ಏನೂ ಹೊಂದದೆ ಬ್ಲೂ ಹತ್ತನ್ನೂ ಮುಟ್ಟುವುದಿಲ್ಲ. ಅಂಕ ಹೆಚ್ಚು ಬಂದದ್ದು ರೋಗಿಗೆ ವಿಷ ಕುಡಿಸುವ ಸಾಲಿಗೆ. ನಿಷೇಧ ಕ್ರಿಯಾಪದದ ಬಾಲದಲ್ಲಿ ಕೂತಿರುವ ನಮ್ಮ ಭಾಷೆಯಲ್ಲಿ ಇದು ಅಪರೂಪದ ಉದಾಹರಣೆಯಲ್ಲ. ಕಾಮೆಟ್ ಇದಕ್ಕಿಂತ ಜಾಣ, ಆದರೆ ಸಂಖ್ಯೆ ಮತ್ತು ಹೆಸರು ತಪ್ಪಿದಾಗ ಅದೂ ಸಾಕಷ್ಟು ಅಂಕ ಕಳೆಯುವುದಿಲ್ಲ. ಅದು ಕಲಿತ ಮಾನವ ಅಂಕಗಳು ಕೂಡ ಹೆಚ್ಚಾಗಿ ಬೇರೆ ಭಾಷೆಗಳವು.

ಓದಿಸುವುದೆಂದರೆ 400ನ್ನೂ ಓದಿಸಬೇಕಿಲ್ಲ. ಮೂವತ್ತು ವಾಕ್ಯ ಚೀಟಿ ಎತ್ತಿದ ಹಾಗೆ ಆರಿಸಿ. ಇನ್ನು ಮೂವತ್ತು, ಸಂಖ್ಯೆ, ನಿಷೇಧ, ‘ಊಟದ ಮೊದಲು’, ‘ಹೊರತು’ ಇರುವಂಥವನ್ನು ಬೇಕೆಂದೇ ಹುಡುಕಿ. ಯಾವುದು ಯಾವ ಎಂಜಿನ್‌ನದು ಎಂದು ಓದುಗರಿಗೆ ತಿಳಿಯಬಾರದು, ಸಾಲುಗಳ ಕ್ರಮವನ್ನೂ ಕಲಸಿ. ಮೂಲ ವಾಕ್ಯ ಕೊಡಿ, ಮಾದರಿ ಅನುವಾದ ಕೊಡಬೇಡಿ. ಅದು ಕಣ್ಣೆದುರಿದ್ದರೆ ಓದುಗರೂ ಪದ ಹೊಂದಿಸಲು ಶುರುಮಾಡುತ್ತಾರೆ. ತಪ್ಪಿರುವ ಜಾಗಕ್ಕೆ ಗೆರೆ ಎಳೆಸಿ: ಸಣ್ಣದಕ್ಕೆ 1, ಅರ್ಥ ಕೆಡಿಸುವುದಕ್ಕೆ 5. ಡೋಸ್ ಬದಲಾಯಿಸುವ ತಪ್ಪನ್ನು ಈ ಮೊತ್ತದಲ್ಲಿ ಸೇರಿಸದೆ ಪ್ರತ್ಯೇಕ ಎಣಿಸಿ. ಹತ್ತು ಕಾಗುಣಿತ ತಪ್ಪು ಸೇರಿ ಎರಡು ಡೋಸ್ ತಪ್ಪಿಗೆ ಸಮ ಎಂದು ಲೆಕ್ಕ ಬಂದರೆ ಆ ಲೆಕ್ಕ ಯಾರಿಗೂ ಉಪಯೋಗವಿಲ್ಲ.

ಸಬ್‌ಟೈಟಲ್_ಶಿವಮೊಗ್ಗ: ನಾನು ಧಾರಾವಾಹಿ ಸಬ್‌ಟೈಟಲ್ ಕೆಲಸದವನು. ನಮಗೆ ದೊಡ್ಡ ತಲೆನೋವು ನೀನು–ನೀವು. ಒಂದೇ ಪಾತ್ರ ಒಂದು ಸಾಲಿನಲ್ಲಿ ಅತ್ತೆಗೆ ‘ಬನ್ನಿ’ ಎನ್ನುತ್ತದೆ, ಮುಂದಿನ ಸಾಲಿನಲ್ಲಿ ‘ಕೂತ್ಕೋ’. ಸಾಲು ಸಾಲಾಗಿ ಅಳೆದರೆ ಎರಡೂ ಪಾಸು. ಇದಕ್ಕೆ ಯಾವ ಅಂಕ ಇದೆ?

ತಿದ್ದುಪಡಿ_ಮೇಜು: ನೀವು ಕೇಳಿದ್ದು ಬೇರೆ, ಆದರೆ ಕರಪತ್ರಕ್ಕೂ ತಾಗುತ್ತದೆ. ಮೇಲೆ ‘ವೈದ್ಯರು ಹೇಳಿದರು’, ಕೆಳಗೆ ಅದೇ ವೈದ್ಯರಿಗೆ ‘ಅವನು’ ಬಂದಿರುತ್ತದೆ. ವಾಕ್ಯವಾರು ಅಂಕಕ್ಕೆ ಇದು ಕಾಣುವುದೇ ಇಲ್ಲ. ಆ ಅರವತ್ತರ ಜೊತೆಗೆ ಎರಡು ಪೂರ್ತಿ ಕರಪತ್ರಗಳನ್ನು ಒಂದೇ ಸಲಕ್ಕೆ ಓದಿಸಿ. ನಂಬಬಹುದಾದ ಅಂಕ ನನಗಂತೂ ಗೊತ್ತಿಲ್ಲ.

ಕರಪತ್ರ_ತಂಡ: ಪದಗಣಕ ಸರ್, ಮಾದರಿ ನಾವೇ ಮಾಡಿದ್ದು. ಬೇಗ ಆಗಲೆಂದು ಮೊದಲ ಎಂಜಿನ್‌ನ ಅನುವಾದ ಇಟ್ಟುಕೊಂಡು ತಿದ್ದಿದೆವು. 17 ಬಂದದ್ದು ಆ ಎಂಜಿನ್‌ಗೇ.

ಪದಗಣಕ: ಹಾಗಿದ್ದರೆ ಆ ಮೂರು ಅಂಕದ ಅಂತರದಿಂದ ಏನೂ ಹೇಳಲಾಗದು. ತಿದ್ದಿದವರು ಅಡ್ಡಿಯಿಲ್ಲದ ಪದಗಳನ್ನು ಹಾಗೇ ಬಿಟ್ಟಿರುತ್ತಾರೆ. ಆದ್ದರಿಂದ ಮಾದರಿಯಲ್ಲಿ ಆ ಎಂಜಿನ್‌ನದೇ ಪದಗಳು, ಅದರದೇ ಕ್ರಮ. ಇನ್ನೊಂದು ಎಂಜಿನ್ ‘ಉಪಯೋಗಿಸಿ’ ಬದಲು ‘ಬಳಸಿ’ ಎಂದದ್ದಕ್ಕೂ ಅಂಕ ಕಳೆದುಕೊಂಡಿದೆ. ಯಂತ್ರದ ಅನುವಾದ ನೋಡದೇ ಇರುವವರಿಂದ ನೂರೈವತ್ತು ವಾಕ್ಯಗಳನ್ನು ಹೊಸದಾಗಿ ಅನುವಾದ ಮಾಡಿಸಿ, ಅದರ ಮೇಲೆ ಅಳೆಯಿರಿ. ವಾಕ್ಯ ಕಡಿಮೆಯಾದ್ದರಿಂದ ಸಣ್ಣ ಅಂತರ ಖಚಿತವಾಗದೇ ಹೋಗಬಹುದು, ಆದರೂ ತಕ್ಕಡಿ ಒಂದು ಕಡೆಗೆ ವಾಲಿರುವುದಿಲ್ಲ.

ಕಲಬುರಗಿ_ಫಾರ್ಮಸಿ: ಮೇಲಿನ ‘ಆ’ ವಾಕ್ಯ ಸರಿ ಅಂತ ಹೇಗೆ ಬಿಟ್ಟಿರಿ? ‘ದಿನಕ್ಕೆ ಎರಡು’ ಅಂದರೆ ರಾತ್ರಿ ಹತ್ತಕ್ಕೆ ಎರಡು, ಬೆಳಿಗ್ಗೆ ಆರಕ್ಕೆ ಎರಡು ನುಂಗುವವರು ಇದ್ದಾರೆ. ಎಂಟು ಗಂಟೆಯಲ್ಲಿ ನಾಲ್ಕಾಯಿತು. ನನ್ನ ಪ್ರಕಾರ ಇದೂ ಡೋಸ್ ತಪ್ಪೇ. ಮತ್ತೆ ನಮ್ಮ ಕಡೆ ‘ಗುಳಿಗೆ’ ಅನ್ನದಿದ್ದರೆ ಕೆಲವು ಹಿರಿಯರಿಗೆ ತಿಳಿಯೋದೇ ಇಲ್ಲ, ಓದುಗರನ್ನು ‘ಮಾತ್ರೆ’ ಅನ್ನುವ ಕಡೆಯಿಂದಲೂ ‘ಗುಳಿಗೆ’ ಅನ್ನುವ ಕಡೆಯಿಂದಲೂ ಆರಿಸಿ.

ತಿದ್ದುಪಡಿ_ಮೇಜು: ನಾನು ‘ಆ’ಕ್ಕೆ 1 ಹಾಕುತ್ತಿದ್ದೆ, ಏಕೆಂದರೆ ಸಾಮಾನ್ಯ ಓದುಗ ಬೆಳಿಗ್ಗೆಯಿಂದ ಬೆಳಿಗ್ಗೆವರೆಗೆ ಎಂದೇ ತಿಳಿಯುತ್ತಾನೆ. ನಿಮ್ಮ ವಾದ ಕೇಳಿದ ಮೇಲೆ ಡೋಸ್ ತಪ್ಪೆಂದು ಪ್ರತ್ಯೇಕ ಎಣಿಸಿದರೂ ತಕರಾರಿಲ್ಲ. ಇಂಥದ್ದು ಮೊದಲೇ ಬಯಲಾಗಲೆಂದು ಅರವತ್ತರಲ್ಲಿ ಇಪ್ಪತ್ತನ್ನು ಇಬ್ಬರು ಓದುಗರಿಗೂ ಕೊಡಬೇಕು. ಇಬ್ಬರ ಗುರುತು ಬೇರೆಯಾದಲ್ಲೆಲ್ಲ ಕೂತು ಮಾತಾಡಿ, ಒಪ್ಪಿದ ನಿಯಮ ಬರೆದುಕೊಂಡು, ಉಳಿದ ನಲವತ್ತನ್ನು ಆಮೇಲೆ ಹಂಚಿ. ಗಂಟೆ ಮತ್ತು ದಿನದ ವಿಷಯವನ್ನು ಮಾತ್ರ ಔಷಧಿ ತಿಳಿದವರಿಗೇ ಬಿಡಿ.